ಟ್ರೂತ್ ಟೇಬಲಿನಿಂದ ನೇರವಾಗಿ ಚಿಪ್ಪಿಗೆ

ಒಂದು ಡಿಜಿಟಲ್ ಸರ್ಕಿಟ್ ಯಾವ ಸಂದರ್ಭದಲ್ಲಿ ಏನು ಉತ್ತರ ಕೊಡಬೇಕು ಎಂಬುದನ್ನು ಒಂದನ್ನೂ ಬಿಡದೆ ಬರೆದಿಟ್ಟ ಪಟ್ಟಿಯೇ ಟ್ರೂತ್ ಟೇಬಲ್. ಒಳಬರುವ ತಂತಿಗಳು ನಾಲ್ಕಿದ್ದರೆ, ಪ್ರತಿಯೊಂದೂ 0 ಅಥವಾ 1 ಆಗಬಹುದಾದ್ದರಿಂದ, ಪಟ್ಟಿಯಲ್ಲಿ 16 ಸಾಲುಗಳಿರುತ್ತವೆ. ಪ್ರತಿ ಸಾಲಿನ ಕೊನೆಯಲ್ಲಿ ಉತ್ತರವಾಗಿ ಒಂದು 0 ಅಥವಾ 1. ಈ ಪಟ್ಟಿಯನ್ನು ಸರ್ಕಿಟ್ಟಾಗಿ ಮಾಡುವ ರೂಢಿಯ ದಾರಿ ಸ್ವಲ್ಪ ಸುತ್ತಿನದು. ಮೊದಲು ಬೂಲಿಯನ್ ಸೂತ್ರ ಬರೆಯಬೇಕು, ಕಾರ್ನೋ ಮ್ಯಾಪ್ ಹಾಕಿ ಅದನ್ನು ಕಿರಿದುಗೊಳಿಸಬೇಕು, ಆಮೇಲೆ ಆ್ಯಂಡ್, ಆರ್, ನಾಟ್ ಗೇಟುಗಳನ್ನು ಜೋಡಿಸಬೇಕು. ಪಟ್ಟಿಯ ಒಂದೇ ಒಂದು ಉತ್ತರ ಬದಲಾದರೂ ಈ ಕೆಲಸವನ್ನೆಲ್ಲ ಮೊದಲಿನಿಂದ ಮಾಡಬೇಕಾಗಬಹುದು. ಮಲ್ಟಿಪ್ಲೆಕ್ಸರ್ ಮತ್ತು ಡಿಕೋಡರ್ ಎಂಬ ಎರಡು ಸಿದ್ಧ ಚಿಪ್ಪುಗಳು ಈ ಸುತ್ತುದಾರಿಯನ್ನೇ ತಪ್ಪಿಸುತ್ತವೆ. ಅವುಗಳಲ್ಲಿ ಪಟ್ಟಿಯನ್ನು ಇದ್ದ ಹಾಗೆಯೇ ಸರ್ಕಿಟ್ಟಿನ ಮೇಲೆ ಇಳಿಸಬಹುದು.

ಇದನ್ನು ನೋಡಲು ಎಲ್ಲರಿಗೂ ಗೊತ್ತಿರುವ ಒಂದು ಪಟ್ಟಿ ಸಾಕು: ಯಾವ ತಿಂಗಳಿಗೆ 31 ದಿನ? ಮುಷ್ಟಿ ಹಿಡಿದು ಬೆರಳ ಗೆಣ್ಣುಗಳ ಮೇಲೆ ಎಣಿಸಿದರೆ ಗೆಣ್ಣಿನ ಮೇಲೆ ಬಂದ ತಿಂಗಳಿಗೆ 31, ಸಂದಿಯಲ್ಲಿ ಬಿದ್ದದ್ದಕ್ಕೆ ಅದಕ್ಕಿಂತ ಕಡಿಮೆ. ಜುಲೈ ಕೊನೆಯ ಗೆಣ್ಣು, ಆಗಸ್ಟ್ ಮತ್ತೆ ಮೊದಲ ಗೆಣ್ಣು. ದಿನಾಂಕ ತೋರಿಸುವ ಡಿಜಿಟಲ್ ಗಡಿಯಾರಕ್ಕೂ ಈ ಮಾಹಿತಿ ಬೇಕು. ಅದರೊಳಗೆ ತಿಂಗಳು ನಾಲ್ಕು ಬಿಟ್‌ಗಳ ಸಂಖ್ಯೆಯಾಗಿರುತ್ತದೆ. ಆ ಬಿಟ್‌ಗಳನ್ನು ಅವುಗಳ ಬೆಲೆಯಿಂದಲೇ ಕರೆದರೆ ಗೊಂದಲವಿಲ್ಲ: ಎಂಟರ ಬಿಟ್, ನಾಲ್ಕರ ಬಿಟ್, ಎರಡರ ಬಿಟ್, ಒಂದರ ಬಿಟ್. ಜನವರಿ 0001, ಆಗಸ್ಟ್ 1000, ಡಿಸೆಂಬರ್ 1100. ಸರ್ಕಿಟ್ 1, 3, 5, 7, 8, 10, 12 ಎಂಬ ಸಂಖ್ಯೆಗಳಿಗೆ 1 ಎನ್ನಬೇಕು, 2, 4, 6, 9, 11ಕ್ಕೆ 0 ಎನ್ನಬೇಕು. 0, 13, 14, 15 ಎಂಬ ತಿಂಗಳುಗಳೇ ಇಲ್ಲ. ಆ ಸಾಲುಗಳಲ್ಲಿ ಉತ್ತರ ಏನಿದ್ದರೂ ನಡೆಯುತ್ತದೆ.

ಮಲ್ಟಿಪ್ಲೆಕ್ಸರ್ ಹಲವು ಡೇಟಾ ಇನ್‌ಪುಟ್‌ಗಳಲ್ಲಿ ಒಂದನ್ನು ಆರಿಸಿ ಅದರಲ್ಲಿರುವುದನ್ನು ಔಟ್‌ಪುಟ್‌ಗೆ ಕಳಿಸುವ ಚಿಪ್. ಯಾವುದನ್ನು ಆರಿಸಬೇಕು ಎಂದು ಹೇಳುವುದು ಸೆಲೆಕ್ಟ್ ತಂತಿಗಳು. ನಾಲ್ಕು ಸೆಲೆಕ್ಟ್ ತಂತಿಗಳಿದ್ದರೆ 16 ಡೇಟಾ ಇನ್‌ಪುಟ್‌ಗಳು. ಸಾಮಾನ್ಯವಾಗಿ ಡೇಟಾ ಇನ್‌ಪುಟ್‌ಗಳಲ್ಲಿ ಬದಲಾಗುತ್ತಿರುವ ಸಂಕೇತಗಳು ಬರುತ್ತವೆ, ಸೆಲೆಕ್ಟ್ ತಂತಿಗಳು ಅವುಗಳಲ್ಲಿ ಒಂದನ್ನು ಹೆಕ್ಕುತ್ತವೆ. ಇಲ್ಲಿ ಆ ಪಾತ್ರಗಳನ್ನು ಅದಲುಬದಲು ಮಾಡಬೇಕು. ತಿಂಗಳ ನಾಲ್ಕು ಬಿಟ್‌ಗಳನ್ನು ಸೆಲೆಕ್ಟ್ ತಂತಿಗಳಿಗೆ ಕೊಟ್ಟು, ಪ್ರತಿ ಡೇಟಾ ಇನ್‌ಪುಟ್ಟನ್ನು ಪಟ್ಟಿಯ ಅದೇ ಸಾಲಿನ ಉತ್ತರಕ್ಕೆ ಕಾಯಂ ಕಟ್ಟಿಬಿಡಬೇಕು. ಉತ್ತರ 1 ಇದ್ದಲ್ಲಿ 5 ವೋಲ್ಟ್‌ಗೆ, 0 ಇದ್ದಲ್ಲಿ ಗ್ರೌಂಡ್‌ಗೆ. ತಿಂಗಳ ಸಂಖ್ಯೆ 5 ಬಂದರೆ ಚಿಪ್ 5ನೇ ಇನ್‌ಪುಟ್ಟನ್ನು ತೆರೆಯುತ್ತದೆ. ಅಲ್ಲಿ 1 ಕಾದಿರುತ್ತದೆ. ಲೆಕ್ಕ ಮಾಡುವುದೇನೂ ಇಲ್ಲ, ಉತ್ತರವನ್ನು ಹುಡುಕಿ ಓದುವುದಷ್ಟೇ. ಹೀಗಾಗಿಯೇ ಪಟ್ಟಿಯಲ್ಲಿ ಏನು ಬರೆದಿದ್ದರೂ, ಅದರಲ್ಲಿ ಯಾವ ಕ್ರಮವೂ ಕಾಣದಿದ್ದರೂ, ಈ ವಿಧಾನ ಕೈಕೊಡುವುದಿಲ್ಲ.

16 ಇನ್‌ಪುಟ್‌ಗಳ ಮಲ್ಟಿಪ್ಲೆಕ್ಸರ್ 74150 ಎಂಬ ಹೆಸರಿನಲ್ಲಿ ಇತ್ತು. ಅದು 24 ಕಾಲುಗಳ ದೊಡ್ಡ ಚಿಪ್. ಅದರ ಅಗತ್ಯ ಇಲ್ಲಿಲ್ಲ. ನಾಲ್ಕು ಬಿಟ್‌ಗಳ ಯಾವುದೇ ಪಟ್ಟಿಯನ್ನು ಎಂಟು ಇನ್‌ಪುಟ್‌ಗಳ, 16 ಕಾಲುಗಳ 74151ರಲ್ಲಿ ಕೂರಿಸಬಹುದು. ಎಂಟು, ನಾಲ್ಕು ಮತ್ತು ಎರಡರ ಬಿಟ್‌ಗಳು ಸೆಲೆಕ್ಟ್ ತಂತಿಗಳಿಗೆ ಹೋಗುತ್ತವೆ, ಒಂದರ ಬಿಟ್ ಹೊರಗುಳಿಯುತ್ತದೆ. ಆಗ ಪ್ರತಿ ಡೇಟಾ ಇನ್‌ಪುಟ್ ಪಟ್ಟಿಯ ಎರಡು ಸಾಲುಗಳಿಗೆ ಜವಾಬ್ದಾರ. 0ನೇ ಇನ್‌ಪುಟ್‌ಗೆ 0 ಮತ್ತು 1, 1ನೇ ಇನ್‌ಪುಟ್‌ಗೆ 2 ಮತ್ತು 3, ಹೀಗೆ. ಜೋಡಿಯ ಎರಡು ಉತ್ತರಗಳು ನಾಲ್ಕೇ ಬಗೆಯಲ್ಲಿರಲು ಸಾಧ್ಯ. ಎರಡೂ 0 ಆದರೆ ಇನ್‌ಪುಟ್ಟನ್ನು ಗ್ರೌಂಡ್‌ಗೆ, ಎರಡೂ 1 ಆದರೆ 5 ವೋಲ್ಟ್‌ಗೆ ಕಟ್ಟಬೇಕು. ಮೊದಲನೆಯದು 0, ಎರಡನೆಯದು 1 ಆದರೆ ಉತ್ತರವೇ ಒಂದರ ಬಿಟ್, ಆದ್ದರಿಂದ ಆ ಬಿಟ್ಟಿನ ತಂತಿಯನ್ನೇ ಇನ್‌ಪುಟ್‌ಗೆ ಕೊಡಬೇಕು. ಮೊದಲನೆಯದು 1, ಎರಡನೆಯದು 0 ಆದರೆ ಆ ಬಿಟ್ಟನ್ನು ನಾಟ್ ಗೇಟಿನಲ್ಲಿ ತಿರುಗಿಸಿ ಕೊಡಬೇಕು. ಐದನೆಯ ಬಗೆ ಇಲ್ಲ.

ತಿಂಗಳ ಪಟ್ಟಿಯನ್ನು ಹೀಗೆ ಜೋಡಿ ಮಾಡಿದರೆ ಸಿಗುವುದು ಇದು. ಇಲ್ಲದ ತಿಂಗಳಿನ ಉತ್ತರವನ್ನು ಅಡ್ಡಗೆರೆಯಿಂದ ತೋರಿಸಿದೆ.

```
ಇನ್‌ಪುಟ್   ತಿಂಗಳುಗಳು   ಉತ್ತರಗಳು   ಕಟ್ಟಬೇಕಾದದ್ದು
0         0, 1        -, 1      ಒಂದರ ಬಿಟ್
1         2, 3        0, 1      ಒಂದರ ಬಿಟ್
2         4, 5        0, 1      ಒಂದರ ಬಿಟ್
3         6, 7        0, 1      ಒಂದರ ಬಿಟ್
4         8, 9        1, 0      ತಿರುಗಿಸಿದ ಬಿಟ್
5         10, 11      1, 0      ತಿರುಗಿಸಿದ ಬಿಟ್
6         12, 13      1, -      ತಿರುಗಿಸಿದ ಬಿಟ್
7         14, 15      -, -      ಗ್ರೌಂಡ್
```

ಒಂದು 74151, ನಾಟ್ ಗೇಟುಗಳ 7404 ಚಿಪ್ಪಿನ ಒಂದು ಗೇಟು, ಇಷ್ಟರಲ್ಲಿ ಕೆಲಸ ಮುಗಿಯಿತು. 0ನೇ ಇನ್‌ಪುಟ್ಟನ್ನು 5 ವೋಲ್ಟ್‌ಗೆ ಕಟ್ಟಿದ್ದರೂ ಜನವರಿಗೆ ಸರಿಯುತ್ತರವೇ ಬರುತ್ತಿತ್ತು. ಆದರೆ ಒಂದರ ಬಿಟ್ ಕೊಟ್ಟರೆ ಇಲ್ಲದ 0ನೇ ತಿಂಗಳಿಗೂ 0 ಬರುತ್ತದೆ. 6ನೇ ಇನ್‌ಪುಟ್‌ನಲ್ಲಿ 13ಕ್ಕೂ, 7ನೆಯದನ್ನು ಗ್ರೌಂಡ್‌ಗೆ ಕಟ್ಟಿದ್ದರಿಂದ 14 ಮತ್ತು 15ಕ್ಕೂ 0. ಉತ್ತರ ಏನಾದರೂ ಆಗಬಹುದಾದ ಸಾಲುಗಳಲ್ಲಿ ಖರ್ಚಿಲ್ಲದೆ ಸುರಕ್ಷಿತ ಉತ್ತರ ಸಿಗುವುದಾದರೆ ಅದನ್ನೇ ಆರಿಸುವುದು ಒಳ್ಳೆಯದು. ವಿದ್ಯುತ್ ಬಂದ ಕ್ಷಣದಲ್ಲಿ ಕೌಂಟರು ಯಾವ ಸಂಖ್ಯೆಯಲ್ಲಿ ಎದ್ದೇಳುತ್ತದೆ ಎಂದು ಹೇಳಲಾಗದು.

ಈ ಜೋಡಿ ಮಾಡುವ ಉಪಾಯದ ಹಿಂದೆ ಹಳೆಯ ಗಣಿತವಿದೆ. ಜಾರ್ಜ್ ಬೂಲ್ 1854ರ ತನ್ನ ಗ್ರಂಥದಲ್ಲೇ ಇದನ್ನು ಹೇಳಿದ್ದ. ಸ್ವಿಚ್ಚುಗಳ ಸರ್ಕಿಟ್ಟಿಗೆ ಬೂಲನ ಬೀಜಗಣಿತವನ್ನು ಹೊಂದಿಸಿದ ಕ್ಲಾಡ್ ಶ್ಯಾನನ್ 20ನೇ ಶತಮಾನದಲ್ಲಿ ಇದನ್ನು ಬಳಸಿದ್ದರಿಂದ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಇದು ಶ್ಯಾನನ್ ವಿಸ್ತರಣೆ ಎಂದೇ ಪ್ರಸಿದ್ಧ.

```
f(x, ...) = x·f(1, ...) + x'·f(0, ...)
```

ಯಾವುದೇ ಒಂದು ಬಿಟ್ಟನ್ನು ಹಿಡಿದು, ಅದು 1 ಆದಾಗ ಉಳಿಯುವ ಪಟ್ಟಿ ಮತ್ತು 0 ಆದಾಗ ಉಳಿಯುವ ಪಟ್ಟಿ ಎಂದು ದೊಡ್ಡ ಪಟ್ಟಿಯನ್ನು ಎರಡು ಅರ್ಧಗಳಾಗಿ ಒಡೆಯಬಹುದು ಎಂಬುದು ಇದರ ಅರ್ಥ. ಎರಡು ಇನ್‌ಪುಟ್‌ಗಳ ಮಲ್ಟಿಪ್ಲೆಕ್ಸರ್ ಮಾಡುವುದು ಇದೇ ಕೆಲಸ. ಮೂರು ಬಿಟ್‌ಗಳ ಮೇಲೆ ಮೂರು ಸಲ ಒಡೆದರೆ ಎಂಟು ತುಂಡುಗಳಾಗಿ 74151 ಸಿಗುತ್ತದೆ. ಉಳಿದ ನಾಲ್ಕನೆಯ ಬಿಟ್ ಡೇಟಾ ಇನ್‌ಪುಟ್‌ಗಳಲ್ಲಿ ಕೂರುತ್ತದೆ.

ಯಾವ ಬಿಟ್ಟನ್ನು ಹೊರಗುಳಿಸಬೇಕು ಎಂಬುದಕ್ಕೆ ಕಟ್ಟಳೆಯಿಲ್ಲ. ಪುಸ್ತಕಗಳು ಸಾಮಾನ್ಯವಾಗಿ ಒಂದರ ಬಿಟ್ಟನ್ನೇ ಹೊರಗಿಡುತ್ತವೆ, ಏಕೆಂದರೆ ಆಗ ಜೋಡಿಗಳು ಪಟ್ಟಿಯಲ್ಲಿ ಅಕ್ಕಪಕ್ಕದಲ್ಲೇ ಸಿಗುತ್ತವೆ. ಆದರೆ ಆಯ್ಕೆಯಲ್ಲಿ ಲಾಭವಿದೆ. ನಾಲ್ಕರ ಬಿಟ್ಟನ್ನು ಹೊರಗಿಟ್ಟು ನೋಡಿದರೆ ಜೋಡಿಗಳು 0 ಮತ್ತು 4, 1 ಮತ್ತು 5, 2 ಮತ್ತು 6, 3 ಮತ್ತು 7 ಎಂದಾಗುತ್ತವೆ. ಮುಂದಿನ ಅರ್ಧದಲ್ಲಿ 8 ಮತ್ತು 12, 9 ಮತ್ತು 13, 10 ಮತ್ತು 14, 11 ಮತ್ತು 15. ಮೊದಲ ನಾಲ್ಕು ಜೋಡಿಗಳ ಉತ್ತರ ಕ್ರಮವಾಗಿ 0, 1, 0, 1. ನಂತರದ ನಾಲ್ಕಕ್ಕೆ 1, 0, 1, 0. ಎಲ್ಲವೂ ಸ್ಥಿರ. ನಾಟ್ ಗೇಟು ಬೇಡ, ನಾಲ್ಕರ ಬಿಟ್ಟಿನ ತಂತಿಯನ್ನು ಎಲ್ಲಿಗೂ ಎಳೆಯುವುದೇ ಬೇಡ. ಇದರ ಬೆಲೆಯೆಂದರೆ ಇಲ್ಲದ 14ನೇ ತಿಂಗಳಿಗೆ ಈ ಸರ್ಕಿಟ್ 31 ದಿನ ಎನ್ನುತ್ತದೆ, ಅಷ್ಟೇ. ಎರಡರ ಬಿಟ್ಟಿನ ಪಾಡೂ ಇದೇ. ಗೆಣ್ಣಿನ ಲೆಕ್ಕದಲ್ಲಿ ನಿಜವಾಗಿ ನಿರ್ಣಯಿಸುವುದು ಎಂಟರ ಬಿಟ್ ಮತ್ತು ಒಂದರ ಬಿಟ್ ಎರಡೇ. ಅವೆರಡೂ ಬೇರೆಬೇರೆಯಾಗಿದ್ದರೆ 31, ಒಂದೇ ಆಗಿದ್ದರೆ ಅಲ್ಲ. ಅಂದರೆ ಒಂದೇ ಒಂದು ಎಕ್ಸ್‌ಆರ್ ಗೇಟು ಸಾಕಾಗುತ್ತಿತ್ತು. ಮಲ್ಟಿಪ್ಲೆಕ್ಸರ್ ಯಾವ ಪಟ್ಟಿಯನ್ನಾದರೂ ಸ್ವೀಕರಿಸುತ್ತದೆ, ಆದರೆ ಪಟ್ಟಿಯಲ್ಲಿ ಅಡಗಿರುವ ಸರಳತೆಯನ್ನು ತಾನಾಗಿ ಎತ್ತಿ ತೋರಿಸುವುದಿಲ್ಲ. ಹೊರಗಿಡುವ ಬಿಟ್ಟನ್ನು ಬದಲಿಸಿ ನೋಡುವ ತಾಳ್ಮೆ ಇದ್ದವರಿಗೆ ಅದು ಕಾಣುತ್ತದೆ.

ಡಿಕೋಡರ್ ಇದೇ ಪಟ್ಟಿಯನ್ನು ಇನ್ನೊಂದು ಕಡೆಯಿಂದ ಹಿಡಿಯುತ್ತದೆ. ಅದಕ್ಕೆ ಡೇಟಾ ಇನ್‌ಪುಟ್‌ಗಳಿಲ್ಲ. ನಾಲ್ಕು ಬಿಟ್‌ಗಳು ಒಳಗೆ ಬಂದರೆ ಪಟ್ಟಿಯ ಸಾಲಿಗೊಂದರಂತೆ 16 ತಂತಿಗಳು ಹೊರಗೆ ಬರುತ್ತವೆ, ಯಾವ ಹೊತ್ತಿನಲ್ಲೂ ಅವುಗಳಲ್ಲಿ ಒಂದು ಮಾತ್ರ ಎಚ್ಚರವಾಗಿರುತ್ತದೆ. ಉತ್ತರ 1 ಇರುವ ಸಾಲುಗಳ ತಂತಿಗಳನ್ನೆಲ್ಲ ಒಂದು ಆರ್ ಗೇಟಿಗೆ ಕೊಟ್ಟರೆ ಪಟ್ಟಿ ಸಿದ್ಧ. ನಾಲ್ಕು ಬಿಟ್‌ಗಳಿಗೆ ಪ್ರಸಿದ್ಧವಾದದ್ದು 24 ಕಾಲುಗಳ 74154. ಮೂರು ಬಿಟ್‌ಗಳಿಗಾದರೆ 74138.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಎರಡೂ ಚಿಪ್ಪುಗಳ ಔಟ್‌ಪುಟ್‌ಗಳು ತಲೆಕೆಳಗು. ಎಚ್ಚರವಾದ ತಂತಿ 0ಗೆ ಇಳಿಯುತ್ತದೆ, ಮಲಗಿರುವ ಹದಿನೈದೂ 1ರಲ್ಲಿ ನಿಂತಿರುತ್ತವೆ. ಆದ್ದರಿಂದ ಆರ್ ಗೇಟು ಹಾಕಿದರೆ ಔಟ್‌ಪುಟ್ ಸದಾ 1ರಲ್ಲೇ ಅಂಟಿಕೊಂಡಿರುತ್ತದೆ. ಡಿಜಿಟಲ್ ಲ್ಯಾಬುಗಳಲ್ಲಿ ಡಿಕೋಡರ್ ಪ್ರಯೋಗ ಮೊದಲ ಸಲ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬೇಕಾದದ್ದು ನ್ಯಾಂಡ್ ಗೇಟು. ಅದರ ಇನ್‌ಪುಟ್‌ಗಳಲ್ಲಿ ಒಂದಾದರೂ 0 ಆದರೆ ಔಟ್‌ಪುಟ್ 1. ತಲೆಕೆಳಗಾದ ತಂತಿಗಳಿಗೆ ಅದೇ ಆರ್ ಗೇಟಿನ ಕೆಲಸ ಮಾಡುತ್ತದೆ. 31 ದಿನದ ತಿಂಗಳುಗಳು ಏಳು, 7430 ಎಂಬ ಚಿಪ್ಪಿನಲ್ಲಿ ಎಂಟು ಇನ್‌ಪುಟ್‌ಗಳ ಒಂದು ನ್ಯಾಂಡ್ ಗೇಟು ಇರುತ್ತದೆ. ಏಳು ತಂತಿಗಳನ್ನು ಅದಕ್ಕೆ ಕೊಟ್ಟು ಎಂಟನೆಯ ಇನ್‌ಪುಟ್ಟನ್ನು 5 ವೋಲ್ಟ್‌ಗೆ ಕಟ್ಟಿದರೆ ಆಯಿತು.

ಇಷ್ಟೇ ಆದರೆ ಡಿಕೋಡರ್ ದುಬಾರಿಯೇ ಸರಿ. ಒಂದು ಪ್ರಶ್ನೆಗೆ ಉತ್ತರಿಸಲು ಎರಡು ಚಿಪ್, ಅದರಲ್ಲೊಂದು ದೊಡ್ಡದು. ಅದರ ಬೆಲೆ ತಿಳಿಯುವುದು ಒಂದೇ ಪಟ್ಟಿಗೆ ಹಲವು ಉತ್ತರಗಳು ಬೇಕಾದಾಗ. ಕ್ಯಾಲೆಂಡರಿಗೆ 31 ದಿನದ ತಿಂಗಳು ಯಾವುದು ಎಂದಷ್ಟೇ ಗೊತ್ತಿದ್ದರೆ ಸಾಲದು, 30 ದಿನದ್ದು ಯಾವುದು, ಫೆಬ್ರವರಿ ಯಾವುದು ಎಂದೂ ತಿಳಿಯಬೇಕು. ಮಲ್ಟಿಪ್ಲೆಕ್ಸರಿನಲ್ಲಿ ಪ್ರತಿ ಉತ್ತರಕ್ಕೂ ಇನ್ನೊಂದು ಮಲ್ಟಿಪ್ಲೆಕ್ಸರ್ ಬೇಕು. ಡಿಕೋಡರಿನಲ್ಲಿ ತಂತಿಗಳು ಆಗಲೇ ಹೊರಗೆ ಬಂದು ನಿಂತಿವೆ. 4, 6, 9, 11ರ ತಂತಿಗಳನ್ನು ನಾಲ್ಕು ಇನ್‌ಪುಟ್‌ಗಳ ನ್ಯಾಂಡ್ ಗೇಟಿಗೆ, ಅಂದರೆ 7420ರ ಅರ್ಧಕ್ಕೆ, ಕೊಟ್ಟರೆ 30 ದಿನದ ತಿಂಗಳು ಸಿಕ್ಕಿತು. ಫೆಬ್ರವರಿಗೆ ಗೇಟೇ ಬೇಡ. 2ನೇ ತಂತಿಯೇ ಅದರ ಗುರುತು, ತಲೆಕೆಳಗಾಗಿ ಬೇಡವೆಂದರೆ ಒಂದು ನಾಟ್ ಗೇಟು. ಒಂದೇ ಡಿಕೋಡರ್ ಮೂರು ಪಟ್ಟಿಗಳಿಗೂ ಸಾಲುಗಳನ್ನು ಒದಗಿಸಿತು. ಹೀಗಾಗಿ ಉತ್ತರ ಒಂದೇ ಆದಾಗ ಮಲ್ಟಿಪ್ಲೆಕ್ಸರ್, ಹಲವಾದಾಗ ಡಿಕೋಡರ್ ಎಂಬುದು ಅನುಭವಿಗಳ ರೂಢಿ. ಮೂರು ಬಿಟ್‌ಗಳನ್ನು ಕೂಡಿಸುವ ಫುಲ್ ಆ್ಯಡರ್ ಇದಕ್ಕೆ ಇನ್ನೊಂದು ಅಚ್ಚುಕಟ್ಟಾದ ನಿದರ್ಶನ. ಅದರ ಮೊತ್ತಕ್ಕೆ 1, 2, 4, 7ನೇ ಸಾಲುಗಳು, ದಶಕಕ್ಕೆ 3, 5, 6, 7. ಒಂದು 74138, ಒಂದು 7420, ಎರಡರಲ್ಲೇ ಅದು ಮುಗಿಯುತ್ತದೆ.

ಈ ಸರ್ಕಿಟ್ಟುಗಳು ಕೆಡುವ ಬಗೆಗಳು ಕೆಲವೇ, ಮತ್ತು ಪ್ರತಿಯೊಂದಕ್ಕೂ ಅದರದೇ ಕುರುಹು ಇರುತ್ತದೆ. 74151ರ ಸೆಲೆಕ್ಟ್ ತಂತಿಗಳಿಗೆ ಎ, ಬಿ, ಸಿ ಎಂಬ ಹೆಸರು. ಪುಸ್ತಕದ ಪಟ್ಟಿಯಲ್ಲಿ ಎ ಎಡಗಡೆಯ ದೊಡ್ಡ ಬಿಟ್ ಆಗಿರುವುದುಂಟು. ಚಿಪ್ಪಿನಲ್ಲಿ ಹಾಗಲ್ಲ, ಅಲ್ಲಿ 11ನೇ ಕಾಲಿನ ಎ ಅತಿ ಚಿಕ್ಕದು, 9ನೇ ಕಾಲಿನ ಸಿ ಅತಿ ದೊಡ್ಡದು. ಎಂಟರ ಬಿಟ್ಟನ್ನು ಎ ಕಾಲಿಗೂ ಎರಡರ ಬಿಟ್ಟನ್ನು ಸಿ ಕಾಲಿಗೂ ಕೊಟ್ಟರೆ ಇನ್‌ಪುಟ್ 1 ಇದ್ದಲ್ಲಿ 4, ಇನ್‌ಪುಟ್ 3 ಇದ್ದಲ್ಲಿ 6 ತೆರೆದುಕೊಳ್ಳುತ್ತದೆ. ಫೆಬ್ರವರಿಗೆ 31 ದಿನ ಬರುತ್ತದೆ, ಮಾರ್ಚ್‌ಗೆ ಇಲ್ಲವಾಗುತ್ತದೆ. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್, ಡಿಸೆಂಬರ್ ಕೂಡ ತಪ್ಪುತ್ತವೆ. ಆದರೆ ಜನವರಿ, ಏಪ್ರಿಲ್, ಮೇ, ಅಕ್ಟೋಬರ್, ನವೆಂಬರ್ ಸರಿಯಾಗಿಯೇ ಇರುತ್ತವೆ, ಏಕೆಂದರೆ ಅವುಗಳಲ್ಲಿ ಎಂಟರ ಬಿಟ್ಟೂ ಎರಡರ ಬಿಟ್ಟೂ ಒಂದೇ ಆಗಿದ್ದು ಅದಲುಬದಲಾದರೂ ವ್ಯತ್ಯಾಸವಿಲ್ಲ. ಕೆಲವು ಸಾಲು ಸರಿ, ಕೆಲವು ತಪ್ಪು ಎಂದು ಕಂಡಾಗ ಚಿಪ್ಪನ್ನು ಬೈಯುವ ಮೊದಲು ಸೆಲೆಕ್ಟ್ ತಂತಿಗಳ ಕ್ರಮ ನೋಡಬೇಕು.

ಡೇಟಾ ಕಾಲುಗಳ ಜೋಡಣೆಯೂ ಹೀಗೆಯೇ ಮೋಸ ಮಾಡುತ್ತದೆ. ಚಿಪ್ಪಿನ 1ರಿಂದ 4ನೇ ಕಾಲುಗಳಲ್ಲಿರುವುದು ಕ್ರಮವಾಗಿ 3, 2, 1, 0ನೇ ಇನ್‌ಪುಟ್‌ಗಳು. 12ರಿಂದ 15ನೇ ಕಾಲುಗಳಲ್ಲಿ 7, 6, 5, 4. ಇದನ್ನು ಮರೆತು ನೇರ ಕ್ರಮದಲ್ಲಿ ಕಟ್ಟಿದರೂ ಮೊದಲ ನಾಲ್ಕರಲ್ಲಿ ತಪ್ಪು ತಿಳಿಯುವುದೇ ಇಲ್ಲ, ನಾಲ್ಕಕ್ಕೂ ಒಂದರ ಬಿಟ್ಟೇ ಹೋಗಿದೆ. ಎರಡನೆಯ ನಾಲ್ಕರಲ್ಲಿ 7ನೆಯದರ ಗ್ರೌಂಡ್ ತಂತಿ 4ನೆಯದಕ್ಕೆ ಬಿದ್ದು ಆಗಸ್ಟ್ ಒಂದೇ ಒಂದು ಕೆಡುತ್ತದೆ. ಆದ್ದರಿಂದ ನಾಲ್ಕೈದು ತಿಂಗಳು ಹಾಕಿ ನೋಡಿ ಬಿಡುವುದು ಪರೀಕ್ಷೆಯಲ್ಲ. ಎಲ್ಲ 16 ಸಾಲುಗಳನ್ನೂ ಹಾಕಿ ನೋಡಬೇಕು.

ಇನ್ನೊಂದು, 7ನೇ ಕಾಲಿನ ಸ್ಟ್ರೋಬ್. ಇದು 0 ಇದ್ದಾಗ ಮಾತ್ರ ಚಿಪ್ ಕೆಲಸ ಮಾಡುತ್ತದೆ. ಹಳೆಯ ಟಿಟಿಎಲ್ ಚಿಪ್ಪುಗಳಲ್ಲಿ ಎಲ್ಲಿಗೂ ಕಟ್ಟದೆ ಬಿಟ್ಟ ಕಾಲು 1 ಎಂದೇ ಓದಿಕೊಳ್ಳುತ್ತದೆ. ಹಾಗಾಗಿ ಸ್ಟ್ರೋಬನ್ನು ಗ್ರೌಂಡ್‌ಗೆ ಕಟ್ಟಲು ಮರೆತರೆ ಯಾವ ತಿಂಗಳು ಕೊಟ್ಟರೂ 5ನೇ ಕಾಲಿನ ಔಟ್‌ಪುಟ್ 0ರಲ್ಲೇ ಇರುತ್ತದೆ. ಸಿಮಾಸ್ ಚಿಪ್ಪಾದರೆ ಬಿಟ್ಟ ಕಾಲಿಗೆ ಇಂಥದೇ ಬೆಲೆ ಎಂದಿಲ್ಲ. ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ನಿಲ್ಲುತ್ತದೆ, ಕೈ ಹತ್ತಿರ ತಂದರೂ ಔಟ್‌ಪುಟ್ ಬದಲಾಗಬಹುದು.

ಎಲ್ಲವನ್ನೂ ಸರಿಯಾಗಿ ಕಟ್ಟಿದ ಮೇಲೂ ಉಳಿಯುವ ದೋಷವೊಂದಿದೆ. ತಿಂಗಳ ಬಿಟ್‌ಗಳು ರಿಪ್ಪಲ್ ಕೌಂಟರಿನಿಂದ ಬರುತ್ತಿವೆ ಎಂದುಕೊಳ್ಳೋಣ. ಜುಲೈ ಕಳೆದು ಆಗಸ್ಟ್ ಬರುವಾಗ 0111 ಒಮ್ಮೆಗೇ 1000 ಆಗುವುದಿಲ್ಲ. ಬಿಟ್‌ಗಳು ಒಂದರ ಹಿಂದೊಂದು ತಿರುಗುತ್ತವೆ: 0111, 0110, 0100, 0000, ಕೊನೆಗೆ 1000. ಜುಲೈಗೂ 31, ಆಗಸ್ಟ್‌ಗೂ 31, ಔಟ್‌ಪುಟ್ ಅಲುಗದೆ 1ರಲ್ಲೇ ಇರಬೇಕಿತ್ತು. ಆದರೆ ನಡುವೆ ಹಾದುಹೋದ 6, 4, 0 ಎಂಬ ಸಂಖ್ಯೆಗಳಿಗೆ ಚಿಪ್ ಪ್ರಾಮಾಣಿಕವಾಗಿ 0 ಎಂದಿರುತ್ತದೆ. ಔಟ್‌ಪುಟ್ ಒಂದು ಕ್ಷಣ ಕೆಳಗಿಳಿದು ಮೇಲೇಳುತ್ತದೆ. ಅದರ ಅವಧಿ ನ್ಯಾನೊಸೆಕೆಂಡುಗಳ ಲೆಕ್ಕದ್ದು, ಎಲ್‌ಇಡಿ ನೋಡುವ ಕಣ್ಣಿಗೆ ಗೊತ್ತೇ ಆಗದು. ಆ ಔಟ್‌ಪುಟ್ಟನ್ನು ಇನ್ನೊಂದು ಕೌಂಟರಿನ ಕ್ಲಾಕ್ ಮಾಡಿಕೊಂಡವರಿಗೆ ಮಾತ್ರ ಒಂದು ಎಣಿಕೆ ಹೆಚ್ಚಾಗಿ ಕಾಣುತ್ತದೆ. ಡಿಕೋಡರಿನಲ್ಲೂ ಇದೇ ಕಥೆ: ಸುಳ್ಳು ತಂತಿಗಳು ಕ್ಷಣಕಾಲ ಎಚ್ಚರಗೊಳ್ಳುತ್ತವೆ. ಗೇಟು ಸೇರಿಸಿ ಇದನ್ನು ಅಳಿಸಲಾಗದು, ಏಕೆಂದರೆ ಇನ್‌ಪುಟ್ಟೇ ಆ ಸುಳ್ಳು ಸಂಖ್ಯೆಗಳ ಮೂಲಕ ಹಾದುಬಂದಿದೆ. ಎಲ್ಲ ಬಿಟ್‌ಗಳೂ ಒಟ್ಟಿಗೆ ತಿರುಗುವ ಸಿಂಕ್ರೊನಸ್ ಕೌಂಟರ್ ಬಳಸಿ, ಉತ್ತರವನ್ನು ಅದು ನೆಲೆಗೊಂಡ ಮೇಲೆ ಮುಂದಿನ ಕ್ಲಾಕ್‌ನಲ್ಲಿ ಫ್ಲಿಪ್‌ಫ್ಲಾಪಿಗೆ ತುಂಬಿಕೊಳ್ಳುವುದೇ ಪರಿಹಾರ.

ಈ ವಿಧಾನಗಳ ಮಿತಿ ಗಾತ್ರದ್ದು. ಒಂದು ಬಿಟ್ ಹೆಚ್ಚಿದರೆ ಪಟ್ಟಿ ಇಮ್ಮಡಿಯಾಗುತ್ತದೆ. ಹತ್ತು ಬಿಟ್‌ಗಳಿಗೆ 1,024 ಸಾಲು. ಚಿಕ್ಕ ಮಲ್ಟಿಪ್ಲೆಕ್ಸರುಗಳನ್ನು ಮೆಟ್ಟಿಲಾಗಿ ಜೋಡಿಸಿ ದೊಡ್ಡದು ಮಾಡಬಹುದಾದರೂ ಅಷ್ಟು ಚಿಪ್ಪುಗಳನ್ನು ಬೋರ್ಡಿನ ಮೇಲೆ ಯಾರೂ ಕೂರಿಸುವುದಿಲ್ಲ. ಆ ಗಾತ್ರಕ್ಕೆ ರಾಮ್ ಅಲ್ಲ, ರೋಮ್ ಎಂಬ ಮೆಮೊರಿ ಚಿಪ್ ಬಳಸುತ್ತಾರೆ. ಅದರೊಳಗೆ ಇರುವುದೂ ಒಂದು ದೊಡ್ಡ ಡಿಕೋಡರ್ ಮತ್ತು ಅದರ ತಂತಿಗಳನ್ನು ಬೇಕಾದಂತೆ ಕೂಡಿಸುವ ಬಲೆ.

ನಾಲ್ಕರಿಂದ ಆರು ಬಿಟ್‌ಗಳ ಚಿಕ್ಕ ಪಟ್ಟಿಗಳಿಗಂತೂ ಮಲ್ಟಿಪ್ಲೆಕ್ಸರ್ ಇಂದಿಗೂ ಹಳತಾಗಿಲ್ಲ. 1985ರಲ್ಲಿ ಕ್ಸೈಲಿಂಕ್ಸ್ ಕಂಪನಿ ಮಾರುಕಟ್ಟೆಗೆ ತಂದ ಎಕ್ಸ್‌ಸಿ2064 ಎಂಬ ಎಫ್‌ಪಿಜಿಎ ಚಿಪ್ಪಿನಲ್ಲಿ 64 ತರ್ಕ ಘಟಕಗಳಿದ್ದವು. ಅಂಥ ಘಟಕಗಳ ತಿರುಳು ಲುಕ್‌ಅಪ್ ಟೇಬಲ್, ಅಂದರೆ ಒಂದು ಮಲ್ಟಿಪ್ಲೆಕ್ಸರೇ. ಡೇಟಾ ಇನ್‌ಪುಟ್‌ಗಳನ್ನು 5 ವೋಲ್ಟ್‌ಗೋ ಗ್ರೌಂಡ್‌ಗೋ ತಂತಿಯಲ್ಲಿ ಕಟ್ಟುವ ಬದಲು ಪ್ರತಿಯೊಂದರ ಹಿಂದೆ ಒಂದು ಮೆಮೊರಿ ಕೋಶ ಇಟ್ಟಿದ್ದಾರೆ. ನಾಲ್ಕು ಬಿಟ್‌ಗಳ ಪಟ್ಟಿಗೆ 16 ಕೋಶ. ಪಟ್ಟಿಯ 0ನೇ ಸಾಲಿನ ಉತ್ತರ ಬಲತುದಿಗೆ, 15ನೆಯದು ಎಡತುದಿಗೆ ಬರುವಂತೆ 16 ಉತ್ತರಗಳನ್ನು ಸಾಲಾಗಿ ಬರೆದರೆ ಸಿಗುವ ಸಂಖ್ಯೆಯೇ ಆ ಕೋಶಗಳಿಗೆ ತುಂಬಬೇಕಾದದ್ದು. 31 ದಿನದ ತಿಂಗಳುಗಳಿಗೆ ಅದು 0001010110101010, ಹದಿನಾರರ ಎಣಿಕೆಯಲ್ಲಿ 15AA. ವೆರಿಲಾಗ್ ಭಾಷೆಯಲ್ಲಿ ಅದನ್ನು ಹೀಗೆ ಬರೆಯುತ್ತಾರೆ.

```
LUT4 #(.INIT(16'h15AA)) days31
  (.O(y), .I0(m[0]), .I1(m[1]), .I2(m[2]), .I3(m[3]));
```

ಇಲ್ಲದ 14ನೇ ತಿಂಗಳಿಗೆ 1 ಬಂದರೂ ಸರಿ ಎಂದರೆ ಸಂಖ್ಯೆ 55AA ಆಗುತ್ತದೆ, ಸರ್ಕಿಟ್ ಎಂಟರ ಮತ್ತು ಒಂದರ ಬಿಟ್‌ಗಳ ಎಕ್ಸ್‌ಆರ್ ಆಗುತ್ತದೆ. ಆದರೆ ಇಲ್ಲಿ ಅದರಿಂದ ಲಾಭವೇನಿಲ್ಲ. ಒಂದು ಲುಕ್‌ಅಪ್ ಟೇಬಲಿನಲ್ಲಿ ಸರಳ ಪಟ್ಟಿಗೂ ಗೋಜಲು ಪಟ್ಟಿಗೂ ಹಿಡಿಯುವ ಜಾಗ ಒಂದೇ, ತಗಲುವ ಸಮಯವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎಫ್‌ಪಿಜಿಎಯಲ್ಲಿ ಇಲ್ಲದ ತಿಂಗಳುಗಳಿಗೆಲ್ಲ 0 ಕೊಡುವ 15AA ಸಂಖ್ಯೆಯನ್ನೇ ಇಟ್ಟುಕೊಳ್ಳಬಹುದು.